ಹೇರ್ ಕಾರ್ಡ್ ಬಿಟ್ಟು ಸ್ಟ್ರಾಂಡ್‌ಗೆ ಹೋದರೆ ಸಾರ್ಟಿಂಗ್ ಕಾಟ ತಪ್ಪುತ್ತಾ?

ಪ್ರಶ್ನೆ: ಯೂನಿಟಿಯಲ್ಲಿ ನನ್ನ ಕ್ಯಾರೆಕ್ಟರ್‌ಗೆ ಹೇರ್ ಕಾರ್ಡ್, ಅಂದರೆ ಕೂದಲ ಚಿತ್ರ ಅಂಟಿಸಿದ ತೆಳು ಪಟ್ಟಿಗಳನ್ನು ಹಾಕಿದ್ದೇನೆ. ಟ್ರಾನ್ಸ್‌ಪರೆಂಟ್ ಮೆಟೀರಿಯಲ್ ಕೊಟ್ಟರೆ ಒಳಗಿನ ಕೂದಲು ಹೊರಗಿನ ಕೂದಲ ಮೇಲೆ ಕಾಣಿಸುತ್ತೆ. ಕಟ್‌ಔಟ್ ಕೊಟ್ಟರೆ ಅಂಚೆಲ್ಲ ಒರಟು. ಕಾರ್ಡ್ ಬಿಟ್ಟು, ಒಂದೊಂದೇ ಎಳೆ ಬಿಡಿಸುವ ಸ್ಟ್ರಾಂಡ್‌ಗೆ ಹೋಗೋದು ಒಳ್ಳೇದಾ?

ಹೋಗಬೇಡಿ. ಈ ಕಾರಣಕ್ಕಂತೂ ಖಂಡಿತ ಬೇಡ. ನಾವು ಇದೇ ಲೆಕ್ಕ ಹಾಕಿ ಸ್ಟ್ರಾಂಡ್ ಕಡೆ ಹೋಗಿದ್ದೆವು. ಅಲ್ಲೂ ಇದೇ ತೊಂದರೆ ಇನ್ನೂ ದೊಡ್ಡದಾಗಿ ಎದುರಾಯಿತು. ಅಷ್ಟು ಹೊತ್ತಿಗೆ ಸುಮಾರು ಕೆಲಸ ಹಾಳಾಗಿತ್ತು.

ನಮ್ಮದು ಬೆಂಗಳೂರಿನ ಒಂದು ಸಣ್ಣ ತಂಡ, ಪಿಸಿ ಗೇಮ್. ಮುಖ್ಯ ಪಾತ್ರ ಉದ್ದ ಜಡೆಯ ಹುಡುಗಿ. ನಡುಬೈತಲೆ, ಎಣ್ಣೆ ಹಾಕಿ ಬಾಚಿದ ತಲೆ, ಕಿವಿಯ ಹತ್ತಿರ ಮುಂಗುರುಳು. ಮಾತಾಡುವ ಸೀನ್‌ಗಳಲ್ಲಿ ಕ್ಯಾಮೆರಾ ಮುಖದ ಹತ್ತಿರವೇ ಇರುತ್ತಿತ್ತು, ಹಾಗಾಗಿ ಕೂದಲ ತಪ್ಪು ಮುಚ್ಚಿಡೋಕೆ ಜಾಗವೇ ಇರಲಿಲ್ಲ. ಕಾರ್ಡ್‌ಗಳು ಮೂರು ಪದರದಲ್ಲಿದ್ದವು: ನೆತ್ತಿಗೆ ಅಂಟಿಕೊಂಡ ಒಳಪದರ, ಅದರ ಮೇಲೆ ದಪ್ಪ ಕೊಡುವ ಪದರ, ಎಲ್ಲಕ್ಕಿಂತ ಹೊರಗೆ ಹಾರಾಡುವ ಬಿಡಿ ಎಳೆಗಳು. ಒಳಪದರದ ಚೂರುಗಳು ಹಣೆಯ ಎಡಗಡೆ ಹೊರಪದರದ ಮೇಲೆ ಬಂದು ಕೂರುತ್ತಿದ್ದವು. ನಿಮಗೂ ಇದೇ ಆಗ್ತಿದೆ ಅಲ್ವಾ?

ಯಾಕೆ ಹೀಗಾಗುತ್ತೆ ಅಂದರೆ, ಆಲ್ಫಾ ಬ್ಲೆಂಡಿಂಗ್ ಸರಿಯಾಗಬೇಕಾದರೆ ಹಿಂದಿನದನ್ನು ಮೊದಲು, ಮುಂದಿನದನ್ನು ಆಮೇಲೆ ಬರೆಯಬೇಕು. ಯೂನಿಟಿ ಒಂದು ಆಬ್ಜೆಕ್ಟ್‌ಗೂ ಇನ್ನೊಂದು ಆಬ್ಜೆಕ್ಟ್‌ಗೂ ಈ ಸಾಲು ಹಚ್ಚುತ್ತೆ, ಅದೇ ಸಾರ್ಟಿಂಗ್. ಒಂದೇ ಮೆಶ್ ಒಳಗಿನ ತ್ರಿಕೋನಗಳಿಗೆ ಹಚ್ಚಲ್ಲ. ಅವು ಇಂಡೆಕ್ಸ್ ಬಫರ್‌ನಲ್ಲಿ ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಪರದೆಗೆ ಬರುತ್ತವೆ, ಕ್ಯಾಮೆರಾ ಎಲ್ಲೇ ಇರಲಿ.

ಇದಕ್ಕೆ ಹಳೆಯದೊಂದು ಉಪಾಯ ಇದೆ. 2004ರಲ್ಲಿ ಗ್ರಾಫಿಕ್ಸ್ ಕಾರ್ಡ್ ಕಂಪನಿ ಎಟಿಐನ ಥಾರ್ಸ್ಟನ್ ಶಾಯರ್‌ಮನ್ ತಮ್ಮ ಕಂಪನಿಯ ಡೆಮೊದ ಕೂದಲಿಗೆ ಇದನ್ನೇ ಮಾಡಿದ್ದರು: ಕಾರ್ಡ್‌ಗಳನ್ನು ಒಳಗಿನಿಂದ ಹೊರಗೆ ಅನ್ನುವ ಕ್ರಮದಲ್ಲಿ ಒಮ್ಮೆ ಜೋಡಿಸಿ, ಅದನ್ನೇ ಖಾಯಂ ಇಟ್ಟುಬಿಡೋದು. ಕ್ಯಾಮೆರಾ ತಿರುಗಿದರೂ ಇದು ಕೆಲಸ ಮಾಡುತ್ತೆ. ಕ್ಯಾಮೆರಾ ಯಾವಾಗಲೂ ತಲೆಯ ಹೊರಗಿರುತ್ತೆ. ನಮ್ಮ ಕಡೆ ಇರುವ ಅರ್ಧದಲ್ಲಿ ಒಳಪದರವೇ ದೂರ, ಹೊರಪದರವೇ ಹತ್ತಿರ. ಆಚೆ ಅರ್ಧದಲ್ಲಿ ಕ್ರಮ ಉಲ್ಟಾ, ಆದರೆ ಆ ಭಾಗವನ್ನು ತಲೆಯೇ ಮುಚ್ಚಿಬಿಡುತ್ತೆ. ಕುತ್ತಿಗೆ ಕೆಳಗೆ ಬಿಚ್ಚಿ ಬಿಟ್ಟ ಕೂದಲಿಗೆ ಮಾತ್ರ ಈ ವಾದ ನಿಲ್ಲಲ್ಲ, ಅಲ್ಲಿ ಮಧ್ಯೆ ತಲೆ ಇಲ್ಲವಲ್ಲ.

ನಾನು ಬ್ಲೆಂಡರ್‌ನಲ್ಲಿ ಇದನ್ನು ಮಾಡಿದೆ. 3ಡಿ ಕರ್ಸರ್ ಅನ್ನು ತಲೆಯ ಮಧ್ಯಕ್ಕೆ ಇಟ್ಟು, ಎಡಿಟ್ ಮೋಡ್‌ನಲ್ಲಿ ಫೇಸ್ ಸೆಲೆಕ್ಟ್ ಇಟ್ಟು ನೆತ್ತಿಯ ಕಾರ್ಡ್‌ಗಳನ್ನು ಆರಿಸಿ, `Mesh > Sort Elements > Cursor Distance` ಒತ್ತಿದರೆ ಹತ್ತಿರದ ಫೇಸ್‌ಗಳು ಮೊದಲು, ದೂರದವು ಆಮೇಲೆ ಬರುತ್ತವೆ. ಯೂನಿಟಿಗೆ ತಂದೆ. ಹಣೆಯ ಮೇಲೆ ಅದೇ ಚೂರುಗಳು, ಸ್ವಲ್ಪ ಜಾಗ ಬದಲಾಗಿತ್ತು ಅಷ್ಟೇ.

ಇಲ್ಲೇ ನಾನು ಎಡವಿದ್ದು. ಇದೊಂದನ್ನು ಪೂರ್ತಿ ಹೇಳ್ತೀನಿ, ಯಾಕಂದರೆ ಆಮೇಲೆ ಆದ ಎಲ್ಲ ನಷ್ಟಕ್ಕೂ ಇದೇ ಮೂಲ. ಕ್ರಮ ಹಚ್ಚುವ ಉಪಾಯವೇ ಸರಿ ಇಲ್ಲ ಅಂತ ನಾನು ತೀರ್ಮಾನಿಸಿಬಿಟ್ಟೆ. ನಾನು ಹಚ್ಚಿದ ಕ್ರಮ ಯೂನಿಟಿ ಒಳಗೆ ಹೋದ ಮೇಲೂ ಹಾಗೇ ಇದೆಯಾ ಅಂತ ನೋಡಲೇ ಇಲ್ಲ. ಮಾಡೆಲ್ ಇಂಪೋರ್ಟ್ ಸೆಟ್ಟಿಂಗ್‌ನಲ್ಲಿ `Optimize Mesh` ಅಂತ ಒಂದು ಆಯ್ಕೆ ಇದೆ, ಡೀಫಾಲ್ಟ್ ಆಗಿ ಅದು `Everything`. ಅದರ ಕೆಲಸ ಏನಂದರೆ, ಒಂದೇ ವರ್ಟೆಕ್ಸ್ ಹಂಚಿಕೊಂಡ ತ್ರಿಕೋನಗಳನ್ನು ಅಕ್ಕಪಕ್ಕ ತಂದು ಜಿಪಿಯುವಿನ ವರ್ಟೆಕ್ಸ್ ಕ್ಯಾಶ್‌ಗೆ ಅನುಕೂಲ ಮಾಡೋದು. ಅಂದರೆ ತ್ರಿಕೋನಗಳ ಕ್ರಮವನ್ನೇ ಅದು ಬದಲಿಸುತ್ತೆ. ಗೋಡೆಗೆ, ಬಟ್ಟೆಗೆ, ಮುಖಕ್ಕೆ ಇದರಿಂದ ಲಾಭವೇ. ಅಪಾರದರ್ಶಕ ವಸ್ತುವಿಗೆ ಕ್ರಮ ಮುಖ್ಯ ಅಲ್ಲ, ಡೆಪ್ತ್ ಬಫರ್ ನೋಡಿಕೊಳ್ಳುತ್ತೆ. ಕೂದಲಿಗೆ ಆ ಕ್ರಮವೇ ಎಲ್ಲ. ನಾನು ಬ್ಲೆಂಡರ್‌ನಲ್ಲಿ ಎಷ್ಟು ಸಲ ಜೋಡಿಸಿ ಕಳಿಸಿದರೂ ಇಂಪೋರ್ಟರ್ ಪ್ರತಿ ಸಲ ಅದನ್ನು ಕಲಕುತ್ತಿತ್ತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಫೈಲ್ ತೆರೆದರೆ ಮೆಶ್ ಆಕಾರ ಒಂದು ಚೂರೂ ಬದಲಾಗಿರಲ್ಲ, ಆದ್ದರಿಂದ ಅನುಮಾನ ಬರೋಕೂ ದಾರಿ ಇಲ್ಲ.

ಅದು ಗೊತ್ತಿಲ್ಲದೆ ನಾನು ಶೇಡರ್ ಬದಲಿಸಿದೆ. ಆಮೇಲೆ ಕೂದಲನ್ನು ಎಡ, ಬಲ, ಹಿಂದೆ, ಮುಂದೆ ಅಂತ ಬೇರೆ ಬೇರೆ ಆಬ್ಜೆಕ್ಟ್ ಮಾಡಿದೆ. ಆಗ ಯೂನಿಟಿ ಅವನ್ನು ಕ್ಯಾಮೆರಾದಿಂದ ಇರುವ ದೂರ ನೋಡಿ ಸಾಲು ಹಚ್ಚಿತು, ಆದರೆ ಕ್ಯಾಮೆರಾ ನಿಧಾನಕ್ಕೆ ತಿರುಗುವಾಗ ಎರಡು ತುಂಡುಗಳ ದೂರ ಅದಲು ಬದಲಾದ ಫ್ರೇಮ್‌ನಲ್ಲಿ ಬೈತಲೆ ಪಕ್ಕದ ಕೂದಲು ಫಕ್ಕನೆ ಜಿಗಿಯುತ್ತಿತ್ತು. ಡ್ರಾ ಕಾಲ್ ಬೇರೆ ಹೆಚ್ಚಾಯಿತು. ಕೊನೆಗೆ ಕಾರ್ಡ್ ಸಹವಾಸವೇ ಬೇಡ ಅಂತ ಸ್ಟ್ರಾಂಡ್ ಪ್ರೋಟೋಟೈಪ್ ಶುರು ಮಾಡಿದೆವು.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬರ್ತೀನಿ. ಸ್ಟ್ರಾಂಡ್ ಅಂದರೆ ನಿಜವಾದ ಎಳೆ, ಅದಕ್ಕೆ ಆಲ್ಫಾ ಬೇಡ ಅಂತ ನೀವು ಅಂದುಕೊಂಡಿದ್ದೀರಿ. ಹಾಗಿಲ್ಲ. ತಲೆಗೂದಲ ಒಂದು ಎಳೆ ಸುಮಾರು 0.07 ಮಿಲಿಮೀಟರ್ ದಪ್ಪ. 1080 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಒಂದು ಮೀಟರ್ ಎತ್ತರದ ದೃಶ್ಯ ಹಿಡಿಸಿದರೆ ಒಂದು ಪಿಕ್ಸೆಲ್ ಅಂದರೆ 0.9 ಮಿಲಿಮೀಟರ್. ಒಂದು ಪಿಕ್ಸೆಲ್ ಅಗಲದಲ್ಲಿ ಹದಿಮೂರು ಎಳೆ ಪಕ್ಕಪಕ್ಕ ಕೂರುತ್ತವೆ. ಎಳೆಯನ್ನು ಪೂರ್ತಿ ಪಿಕ್ಸೆಲ್ ಅಗಲಕ್ಕೆ ಗಟ್ಟಿಯಾಗಿ ಬರೆದರೆ ಕೂದಲು ತಂತಿಯಾಗುತ್ತೆ, ಕ್ಯಾಮೆರಾ ಅಲುಗಿದರೆ ಮಿಣಮಿಣ ಅನ್ನುತ್ತೆ. ಆದ್ದರಿಂದ ಪಿಕ್ಸೆಲ್‌ನ ಎಷ್ಟು ಭಾಗವನ್ನು ಎಳೆ ಮುಚ್ಚುತ್ತೋ ಅಷ್ಟೇ ಆಲ್ಫಾ ಕೊಡ್ತಾರೆ. ಅಲ್ಲಿಗೆ ಮತ್ತೆ ಪಾರದರ್ಶಕ ಪದರಗಳು, ಈ ಸಲ ಕಾರ್ಡ್‌ಗಿಂತ ಎಷ್ಟೋ ಜಾಸ್ತಿ.

2013ರ ಟೂಂಬ್ ರೈಡರ್‌ನಲ್ಲಿ ಬಂದ ಎಎಂಡಿಯ ಸ್ಟ್ರಾಂಡ್ ಕೂದಲ ತಂತ್ರ ಟ್ರೆಸ್‌ಎಫ್‌ಎಕ್ಸ್ ಇದಕ್ಕೆ ಪ್ರತಿ ಪಿಕ್ಸೆಲ್‌ಗೂ ಒಂದು ಲಿಂಕ್ಡ್ ಲಿಸ್ಟ್ ಇಟ್ಟು, ಮುಂದಿನ ಕೆಲವು ಪದರಗಳನ್ನು ಮಾತ್ರ ಸರಿಯಾಗಿ ಸಾಲು ಹಚ್ಚುತ್ತಿತ್ತು. ಅದರ ಖರ್ಚಿನ ಅಂದಾಜು ಬೇಕಾದರೆ, 1920×1080 ಪರದೆಗೆ ಪಿಕ್ಸೆಲ್‌ಗೆ ಸರಾಸರಿ 8 ನೋಡ್, ನೋಡ್‌ಗೆ 12 ಬೈಟ್ ಅಂತ ಹಿಡಿದರೂ ಸುಮಾರು 200 ಎಂಬಿ ಆಯಿತು. ನಮ್ಮ ಪ್ರೋಟೋಟೈಪ್ ಹತ್ತಿರದಿಂದ ನಿಜಕ್ಕೂ ಚೆಂದ ಇತ್ತು. ಆದರೆ ಸಾಧಾರಣ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಅದನ್ನು ಓಡಿಸೋಕೆ ಆಗಲಿಲ್ಲ. ಅಂಥವರಿಗಾಗಿ ಹೇಗೂ ಕಾರ್ಡ್ ಮಾಡಲೇಬೇಕಿತ್ತು.

ಆಗ ಜೊತೆಯವರೊಬ್ಬರು ಹಳೇ ಕಾರ್ಡ್ ಮೆಶ್ ಅನ್ನು, ಒಂದು ಫ್ರೇಮ್ ಹೇಗೆ ಬರೆಯಲ್ಪಟ್ಟಿತು ಅಂತ ತೋರಿಸುವ ರೆಂಡರ್‌ಡಾಕ್‌ನಲ್ಲಿ ತೆರೆದು, ಮೆಶ್ ವ್ಯೂವರ್‌ನಲ್ಲಿ ಸಾಲು ಸಾಲಾಗಿ ಕೆಳಗೆ ಹೋಗುತ್ತಾ ತೋರಿಸಿದರು. ತ್ರಿಕೋನ ಹಿಂದಲೆಯಿಂದ ಹಣೆಗೆ, ಹಣೆಯಿಂದ ಕಿವಿಗೆ ಹಾರುತ್ತಿತ್ತು. ಒಳಗಿನಿಂದ ಹೊರಗೆ ಅನ್ನುವ ಕ್ರಮವೇ ಉಳಿದಿರಲಿಲ್ಲ. `Optimize Mesh` ಅನ್ನು `Vertex Order`ಗೆ ಬದಲಿಸಿ ಮತ್ತೆ ಇಂಪೋರ್ಟ್ ಮಾಡಿದ ಕೂಡಲೇ ಹಣೆ ಸರಿಹೋಯಿತು. `Nothing` ಕೊಟ್ಟರೂ ಆಗುತ್ತೆ.

ನೀವು ಮೊದಲು ಇದನ್ನು ಪರೀಕ್ಷೆ ಮಾಡಿ, ರೆಂಡರ್‌ಡಾಕ್ ಕೂಡ ಬೇಡ. ಒಳಪದರಕ್ಕೆ ಕೆಂಪು, ಮಧ್ಯಕ್ಕೆ ಹಸಿರು, ಹೊರಪದರಕ್ಕೆ ನೀಲಿ ವರ್ಟೆಕ್ಸ್ ಬಣ್ಣ ಕೊಡಿ. ಆಮೇಲೆ ಆ ಬಣ್ಣವನ್ನಷ್ಟೇ ತೋರಿಸುವ ಶೇಡರ್ ಹಾಕಿ:

```
ZWrite Off
ZTest LEqual
Cull Off
Blend Off
// Queue 3000
// frag: return i.color;
```

ಡೆಪ್ತ್ ಬರೆಯದೇ ಇರೋದರಿಂದ ಯಾವ ತ್ರಿಕೋನ ಕೊನೆಗೆ ಬಂತೋ ಅದರ ಬಣ್ಣವೇ ಉಳಿಯುತ್ತೆ. ಹೊರಪದರ ಇರುವ ಕಡೆಯೆಲ್ಲ ನೀಲಿಯೇ ಕಾಣಬೇಕು. ನೀಲಿಯ ಮಧ್ಯೆ ಕೆಂಪು ಚೂರು ಕಂಡರೆ ಕ್ರಮ ಕಲಕಿದೆ ಅಂತಲೇ ಅರ್ಥ.

ಕ್ರಮ ಸರಿಯಾದ ಮೇಲೂ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಒಂದೇ ಮೆಶ್‌ಗೆ ಎರಡು ಮೆಟೀರಿಯಲ್ ಹಾಕಿ. ಸಬ್‌ಮೆಶ್ ಒಂದೇ ಇದ್ದು ಮೆಟೀರಿಯಲ್ ಪಟ್ಟಿಯಲ್ಲಿ ಎರಡಿದ್ದರೆ ಯೂನಿಟಿ ಅದೇ ಮೆಶ್ ಅನ್ನು ಎರಡು ಸಲ ಬರೆಯುತ್ತೆ. ಮೊದಲನೆಯದು ಗಟ್ಟಿ ಭಾಗಕ್ಕೆ, ಎರಡನೆಯದು ಮೃದು ಅಂಚಿಗೆ:

```
// 1: Queue 2450
ZWrite On
Cull Off
// frag: clip(a - 0.9);

// 2: Queue 3000
ZWrite Off
ZTest Less
Cull Off
Blend SrcAlpha OneMinusSrcAlpha
```

ಮೊದಲನೆಯದು ಡೆಪ್ತ್ ಬರೆಯೋದರಿಂದ ಗಟ್ಟಿ ಭಾಗಗಳ ಮಧ್ಯೆ ಯಾವುದು ಮುಂದೆ ಅನ್ನೋದು ತಾನಾಗಿ ತೀರ್ಮಾನವಾಗುತ್ತೆ. ಎರಡನೆಯದರಲ್ಲಿ ಅಂಚು ಮಾತ್ರ ಉಳಿಯುತ್ತೆ. ಅಲ್ಲಿ ಕ್ರಮ ಸ್ವಲ್ಪ ತಪ್ಪಿದರೂ ಕಪ್ಪು ಕೂದಲ ಮೇಲೆ ಕಪ್ಪು ಕೂದಲೇ ಬರೋದರಿಂದ ಕಣ್ಣಿಗೆ ಕಾಣಲ್ಲ. 0.9 ಯಾಕೆ ಅಂದರೆ, 0.5 ಇಟ್ಟರೆ ಅರ್ಧ ಪಾರದರ್ಶಕ ಜಾಗ ಒಮ್ಮೆಗೇ ಗಟ್ಟಿಯಾಗಿ ನೀವು ದೂರುವ ಒರಟು ಅಂಚು ವಾಪಸ್ ಬರುತ್ತೆ. ಆದರೆ ಟೆಕ್ಸ್ಚರ್‌ನಲ್ಲಿ 0.9 ದಾಟುವ ಭಾಗ ಸಾಕಷ್ಟು ಇರಬೇಕು: ಬುಡದಿಂದ ಮುಕ್ಕಾಲು ಉದ್ದದವರೆಗೆ ಗಟ್ಟಿಯಾಗಿ ಬಿಡಿಸಿ, ತುದಿಯಲ್ಲಿ ಮಾತ್ರ ತೆಳುವಾಗಲಿ. ಮೊದಲನೆಯದಕ್ಕೆ 2450 ಕೊಟ್ಟಿರೋದು ಸುಮ್ನೆ ಅಲ್ಲ. 2500ರ ಒಳಗಿದ್ದರೆ ಮಾತ್ರ ಕೂದಲು ಡೆಪ್ತ್ ಟೆಕ್ಸ್ಚರ್‌ಗೂ ಸೇರೋಕೆ ಸಾಧ್ಯ, ಇಲ್ಲದಿದ್ದರೆ ಡೆಪ್ತ್ ಆಫ್ ಫೀಲ್ಡ್ ಹಾಕಿದಾಗ ಕೂದಲು ಹಿನ್ನೆಲೆಯ ಜೊತೆ ಸೇರಿ ಮಸುಕಾಗುತ್ತೆ.

ಜಡೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟು. ಹೆಣೆದ ಭಾಗಕ್ಕೆ ಪಾರದರ್ಶಕತೆ ಬೇಡವೇ ಬೇಡ. ಅದನ್ನು ಮಾಮೂಲಿ ಗಟ್ಟಿ ಮೆಶ್ ಮಾಡಿ, ಮೇಲೆ ಒಂದಷ್ಟು ಬಿಡಿ ಎಳೆಯ ಕಾರ್ಡ್ ಅಂಟಿಸಿ. ಬಿಚ್ಚಿದ ಕೂದಲಾದರೆ ಕುತ್ತಿಗೆ ಕೆಳಗಿನ ಭಾಗವನ್ನು ಪೂರ್ತಿ ಕಟ್‌ಔಟ್ ಮಾಡಿ ಎಂಎಸ್‌ಎಎ ಜೊತೆ `AlphaToMask On` ಕೊಡಿ.

ಸ್ಟ್ರಾಂಡ್ ಬೇಡ ಅಂತ ನಾನು ಯಾವಾಗಲೂ ಹೇಳಲ್ಲ. ಒಂದೊಂದು ಎಳೆ ಗಾಳಿಗೆ ಬೇರೆಯಾಗಿ ಅಲುಗಬೇಕು, ಮುಖ ಪರದೆ ತುಂಬಬೇಕು, ಯಂತ್ರ ಹೊಸ ಕನ್ಸೋಲ್ ಮಟ್ಟದ್ದು ಅಂತಾದರೆ ಅದನ್ನೇ ಆರಿಸಿ. ಅನ್‌ರಿಯಲ್‌ನ ಸ್ಟ್ರಾಂಡ್ ಕೂದಲ ಸೌಲಭ್ಯ ಗ್ರೂಮ್‌ನಲ್ಲೂ ದೂರದ ಎಲ್‌ಒಡಿಗೆ ಕಾರ್ಡ್ ಇಡುವ ವ್ಯವಸ್ಥೆ ಇದೆ, ಅದನ್ನು ಗಮನಿಸಿ.

ಇನ್ನೊಂದು. ದೂರ ಹೋದಾಗ ಕೂದಲು ಉದುರಿದ ಹಾಗೆ ತೆಳ್ಳಗಾದರೆ ಅದು ಸಾರ್ಟಿಂಗ್ ಅಲ್ಲ, ಮಿಪ್‌ಮ್ಯಾಪ್‌ನಲ್ಲಿ ಆಲ್ಫಾ ಸರಾಸರಿಯಾಗಿ ಕಟ್‌ಔಟ್ ಮಿತಿಗಿಂತ ಕೆಳಗೆ ಇಳಿದಿರುತ್ತೆ. ಟೆಕ್ಸ್ಚರ್ ಇಂಪೋರ್ಟ್‌ನಲ್ಲಿ `Preserve Coverage` ಆನ್ ಮಾಡಿ, ಅಲ್ಲಿನ ಕಟ್‌ಆಫ್ ಬೆಲೆ ಶೇಡರ್‌ನ `clip` ಬೆಲೆಗೆ ಸರಿಹೊಂದುವಂತೆ ನೋಡಿಕೊಳ್ಳಿ. ಬಣ್ಣದ ಪರೀಕ್ಷೆಯಲ್ಲಿ ಏನು ಕಂಡಿತು ಅಂತ ಚಿತ್ರ ಹಾಕಿದರೆ ನೋಡಿ ಹೇಳ್ತೀನಿ.