ಗಾರ್ಡನ್ ಲೀವ್‌ನಲ್ಲಿ ಇರುವಾಗ ಬೇರೆ ಕೆಲಸ ಮಾಡಬಹುದಾ?

"ಜೂನ್ 1ಕ್ಕೆ ರಾಜೀನಾಮೆ ಕೊಟ್ಟೆ, 90 ದಿನ ನೋಟಿಸ್. ಮಾರನೇ ದಿನವೇ ಗಾರ್ಡನ್ ಲೀವ್ ಅಂತ ಹೇಳಿ ಲ್ಯಾಪ್‌ಟಾಪ್ ವಾಪಸ್ ತಗೊಂಡ್ರು. ಸಂಬಳ ಬರುತ್ತಂತೆ. ಸುಮ್ನೆ ಕೂರೋ ಬದಲು ಫ್ರೀಲಾನ್ಸ್ ಡಿಸೈನ್ ಕೆಲಸ ಮಾಡಬಹುದಾ? ಹೊಸ ಕಂಪನಿಯವರು ಜುಲೈನಲ್ಲೇ ಸೇರಿ ಅಂತಿದ್ದಾರೆ."

ಜುಲೈನಲ್ಲಿ ಸೇರಬೇಡಿ. ಫ್ರೀಲಾನ್ಸ್ ಕೆಲಸವನ್ನು ಲಿಖಿತ ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿ. ನಾನು ಎಚ್‌ಆರ್‌ನಲ್ಲಿ ಇಂಥ ಪತ್ರಗಳನ್ನು ಬರೆಯುವ ಕಡೆ ಕೂತವನು, ಹೆಚ್ಚಿನವರು ಎಡವುವುದು ಇಲ್ಲೇ. ಆಫೀಸಿಗೆ ಬರಬೇಡಿ ಅಂದ ಕೂಡಲೇ ಕೆಲಸ ಬಿಟ್ಟಂತೆ ಅಂದುಕೊಳ್ಳುತ್ತಾರೆ. ಆದರೆ ಗಾರ್ಡನ್ ಲೀವ್ ಅಂದರೆ ನೋಟಿಸ್ ಅವಧಿಯಲ್ಲಿ ಸಂಬಳ ಕೊಡುತ್ತಲೇ ಕೆಲಸಕ್ಕೆ ಬರಬೇಡಿ ಅನ್ನುವುದು, ಅಷ್ಟು ದಿನವೂ ನೀವು ಇನ್ನೂ ಅದೇ ಕಂಪನಿಯ ಉದ್ಯೋಗಿ. ಸಂಬಳ ಬರುವುದು ಅದಕ್ಕೇ. ಹಾಗಾಗಿ ಕಾಂಟ್ರಾಕ್ಟಿನ ಷರತ್ತುಗಳೂ ಕೊನೆಯ ದಿನದವರೆಗೆ ನಿಮ್ಮ ಮೇಲೆ ಇರುತ್ತವೆ.

ಮೊದಲು ಕಂಪನಿ ಕಳಿಸಿದ ಪತ್ರದಲ್ಲಿ ಕೆಲಸ ಮುಗಿಯುವ ದಿನಾಂಕ ಯಾವುದು ಅಂತ ನೋಡಿ. ನೋಟಿಸ್ ಅವಧಿಯ ಸಂಬಳವನ್ನು ಒಟ್ಟಿಗೆ ಕೊಟ್ಟು ಇವತ್ತೇ ಬಿಡುಗಡೆ ಮಾಡುವುದು ಬೇರೆ ವ್ಯವಸ್ಥೆ. ಅದರಲ್ಲಿ ಕೆಲಸ ಅವತ್ತೇ ಮುಗಿಯುತ್ತದೆ, ನಾಳೆಯೇ ಬೇರೆ ಕಡೆ ಸೇರಬಹುದು (ಬಿಟ್ಟ ಮೇಲೂ ಪ್ರತಿಸ್ಪರ್ಧಿ ಕಂಪನಿಗೆ ಹೋಗಬಾರದು ಅನ್ನುವ ಷರತ್ತು ಇದ್ದರೆ ಅದನ್ನು ಬೇರೆಯಾಗಿ ನೋಡಬೇಕು). ಗಾರ್ಡನ್ ಲೀವ್‌ನಲ್ಲಿ ಹಾಗಲ್ಲ, ಸಂಬಳ ತಿಂಗಳು ತಿಂಗಳು ಬರುತ್ತದೆ, ಕೆಲಸ ನೋಟಿಸಿನ ಕೊನೆಗೆ ಮುಗಿಯುತ್ತದೆ. ನಿಮ್ಮ ಲೆಕ್ಕ ಹಾಕಿದರೆ, ಜೂನ್ 2 ಮೊದಲ ದಿನ ಆದರೆ 90ನೇ ದಿನ ಆಗಸ್ಟ್ 30. ರಾಜೀನಾಮೆ ಕೊಟ್ಟ ದಿನವನ್ನೂ ಎಣಿಸಿದರೆ ಆಗಸ್ಟ್ 29. ಒಂದು ದಿನ ತಾನೇ ಅನ್ನಬೇಡಿ, ಹೊಸ ಕಂಪನಿಯ ಸೇರುವ ದಿನಾಂಕ ಅದಕ್ಕಿಂತ ಮುಂಚೆ ಬಿದ್ದರೆ ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದ ದಾಖಲೆ ಆಗುತ್ತದೆ. ದಿನಾಂಕವನ್ನು ಎಚ್‌ಆರ್‌ನಿಂದ ಬರವಣಿಗೆಯಲ್ಲೇ ಪಡೆಯಿರಿ.

ಇನ್ನು ಫ್ರೀಲಾನ್ಸ್. ಕಾಂಟ್ರಾಕ್ಟಿನಲ್ಲಿ ಹೊರಗಿನ ಕೆಲಸದ ಷರತ್ತು ಹುಡುಕಿ. ಕೆಲವು ಕಡೆ ಪ್ರತಿಸ್ಪರ್ಧಿಗಳಿಗೆ ಮಾತ್ರ ಕೆಲಸ ಮಾಡಬಾರದು ಅಂತಿರುತ್ತದೆ. ಆದರೆ ಪೂರ್ಣ ಸಮಯ ಮತ್ತು ಗಮನ ಕಂಪನಿಗೇ ಮೀಸಲು, ಬೇರೆ ಯಾವ ಕೆಲಸಕ್ಕೂ ಮೊದಲೇ ಒಪ್ಪಿಗೆ ಬೇಕು ಅಂತ ಬರೆದಿರುವುದೇ ಜಾಸ್ತಿ. ಹಾಗೆ ಬರೆದಿದ್ದರೆ, ಈಗ ಕೈಯಲ್ಲಿ ಕೆಲಸವೇ ಇಲ್ವಲ್ಲ ಅನ್ನುವ ವಾದ ನಿಲ್ಲುವುದು ಕಷ್ಟ, ಯಾಕೆಂದರೆ ಕರೆದರೆ ಬರಬೇಕು, ಕೆಲಸ ಹಸ್ತಾಂತರದ ಪ್ರಶ್ನೆ ಕೇಳಿದರೆ ಉತ್ತರಿಸಬೇಕು ಅನ್ನುವುದು ಸಾಮಾನ್ಯವಾಗಿ ಗಾರ್ಡನ್ ಲೀವ್‌ನಲ್ಲೂ ಇರುತ್ತದೆ.

ಒಪ್ಪಿಗೆ ಕೇಳುವ ಮೇಲ್ ಚಿಕ್ಕದಾಗಿರಲಿ. "ಗಾರ್ಡನ್ ಲೀವ್ ಅವಧಿಯಲ್ಲಿ ಒಬ್ಬ ಗ್ರಾಹಕರಿಗೆ ಲೋಗೋ ಮತ್ತು ಬ್ರೋಷರ್ ವಿನ್ಯಾಸ ಮಾಡಲು ಒಪ್ಪಿಗೆ ಕೋರುತ್ತೇನೆ. ಅವರು ನಮ್ಮ ಗ್ರಾಹಕರಲ್ಲ, ಪ್ರತಿಸ್ಪರ್ಧಿಯೂ ಅಲ್ಲ. ಕಂಪನಿಯ ಫೈಲು, ಸಾಫ್ಟ್‌ವೇರ್ ಬಳಸುವುದಿಲ್ಲ." ಇಷ್ಟು ಸಾಕು. ಉತ್ತರ ಬರಲಿಲ್ಲ ಅಂದರೆ ಒಪ್ಪಿದ್ದಾರೆ ಅಂತ ಅರ್ಥ ಅಲ್ಲ, ಮತ್ತೆ ಕೇಳಿ. ಫೋನಿನಲ್ಲಿ ಮ್ಯಾನೇಜರ್ ಸರಿ ಅಂದರೆ, "ನೀವು ಹೇಳಿದ ಹಾಗೆ" ಅಂತ ಅವತ್ತೇ ಒಂದು ಮೇಲ್ ಹಾಕಿಬಿಡಿ.

ಮುಂದಿನ ಕೆಲಸಕ್ಕೆ ತಯಾರಿ ಮಾಡುವುದಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಕೋರ್ಸ್ ಮಾಡಿ, ಪೋರ್ಟ್‌ಫೋಲಿಯೋ ಸರಿ ಮಾಡಿ, ಹೊಸ ಕಂಪನಿಯ ಕಾಗದ ಪತ್ರಕ್ಕೆ ಸಹಿ ಮಾಡಿ. ಆದರೆ ಅವರ ಮೀಟಿಂಗಿಗೆ ಕೂರುವುದು, ಪ್ರಾಜೆಕ್ಟ್ ಫೈಲು ನೋಡಿ ಸಲಹೆ ಕೊಡುವುದು, ಹಳೆಯ ಗ್ರಾಹಕರಿಗೆ ಅಥವಾ ಸಹೋದ್ಯೋಗಿಗಳಿಗೆ "ನಾನು ಅಲ್ಲಿಗೆ ಹೋಗ್ತಿದ್ದೀನಿ, ನೀವೂ ಬನ್ನಿ" ಅಂತ ಮೆಸೇಜ್ ಮಾಡುವುದು ತಯಾರಿ ಅಲ್ಲ. ಸಂಬಳ ಇಲ್ಲದೆ ಮಾಡಿದರೂ ಅದು ಕೆಲಸವೇ. ಲಿಂಕ್ಡ್‌ಇನ್‌ನಲ್ಲಿ ಹೊಸ ಹುದ್ದೆ ಹಾಕುವುದನ್ನೂ ಸೇರುವ ದಿನದವರೆಗೆ ತಡೆಯಿರಿ.

ಕಾಂಟ್ರಾಕ್ಟಿನಲ್ಲಿ ಗಾರ್ಡನ್ ಲೀವ್ ಅನ್ನುವ ಷರತ್ತೇ ಇಲ್ಲದಿದ್ದರೆ ಮಾತು ಸ್ವಲ್ಪ ಬದಲಾಗುತ್ತದೆ. 1998ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ವಿಲಿಯಂ ಹಿಲ್ ಕಂಪನಿಯ ಪ್ರಕರಣದಲ್ಲಿ, ಅಂಥ ಷರತ್ತಿಲ್ಲದೆ ವಿಶೇಷ ಕೌಶಲದ ಉದ್ಯೋಗಿಯನ್ನು ಕೆಲಸ ಕೊಡದೆ ಮನೆಯಲ್ಲಿ ಕೂರಿಸಲು ಒಪ್ಪಲಿಲ್ಲ. ಅದು ಆ ದೇಶದ ತೀರ್ಪು, ಆ ಹುದ್ದೆಗೆ ಸಂಬಂಧಿಸಿದ್ದು. ಅದನ್ನು ನಂಬಿ ನೇರವಾಗಿ ಹೊಸ ಕಡೆ ಸೇರಿಬಿಡಬೇಡಿ, ನಿಮ್ಮ ಕಡೆಯ ಕಾರ್ಮಿಕ ವಕೀಲರಿಗೆ ಕಾಂಟ್ರಾಕ್ಟ್ ತೋರಿಸಿ.

ಜುಲೈನಲ್ಲೇ ಸೇರಬೇಕು ಅಂತಿದ್ದರೆ ಬೇಗ ಬಿಡುಗಡೆ ಮಾಡಿ ಅಂತ ಕೇಳಿ. ಕಂಪನಿ ಒಪ್ಪಿದರೆ ಕೊನೆಯ ದಿನಾಂಕ ಹಿಂದಕ್ಕೆ ಬರುತ್ತದೆ, ಸಂಬಳವೂ ಅಲ್ಲಿಗೇ ನಿಲ್ಲುತ್ತದೆ. ಹೊಸ ದಿನಾಂಕ, ಉಳಿದ ರಜೆಯ ಹಣ, ಬಾಕಿ ನೋಟಿಸಿಗೆ ನಿಮ್ಮಿಂದ ಏನೂ ವಸೂಲಿ ಇಲ್ಲ ಅನ್ನುವ ಸಾಲು, ಈ ಮೂರೂ ಒಪ್ಪಂದದ ಪತ್ರದಲ್ಲಿ ಇದ್ದರೆ ಮಾತ್ರ ಸಹಿ ಮಾಡಿ.