ಡೊಂಕು ತೋಡಿನ ಬದಿಯ ಗದ್ದೆಯನ್ನು ಟೇಪಿನಲ್ಲಿ ಅಳೆದು ನಕ್ಷೆ ಮಾಡುವುದು

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಗದ್ದೆ ಇದೆ. ಮೂರು ಬದಿ ನೇರ ಕಟ್ಟಪುಣಿ, ನಾಲ್ಕನೆಯದು ಡೊಂಕು ತೋಡು. ಕೈಯಲ್ಲಿರುವುದು 30 ಮೀಟರಿನ ಟೇಪ್ ಮಾತ್ರ. ಸರಿಯಾದ ನಕ್ಷೆ ಮಾಡಿ ಎಷ್ಟು ಸೆಂಟ್ಸ್ ಅಂತ ನೋಡಬಹುದಾ?

ಧಾರಾಳವಾಗಿ ಮಾಡಬಹುದು. ಟೇಪ್ ಒಂದಿದ್ದರೆ ಸಾಕು, ಕೋನ ಅಳೆಯುವ ಯಾವ ಸಾಮಾನೂ ಬೇಡ. ಆದರೆ ನಾಲ್ಕು ಬದಿ ಅಳೆದು ಬಂದರೆ ನಕ್ಷೆ ಆಗುವುದಿಲ್ಲ. ನಾಲ್ಕು ಕೋಲನ್ನು ತುದಿಗೆ ತುದಿ ಕಟ್ಟಿ ನೋಡಿ, ಹೇಗೆ ಬೇಕಾದರೂ ವಾಲುತ್ತದೆ. ಮೂರು ಕೋಲು ಕಟ್ಟಿದರೆ ಅಲ್ಲಾಡುವುದಿಲ್ಲ. ಹಾಗಾಗಿ ಗದ್ದೆಯನ್ನು ತ್ರಿಕೋನಗಳಾಗಿ ಒಡೆದು ಎಲ್ಲ ಬದಿಗಳನ್ನೂ ಅಳೆಯಬೇಕು. ಡೊಂಕು ಇರುವ ಕಡೆ ಒಂದು ನೇರ ಗೆರೆ ಹಾಕಿ, ಅದರಿಂದ ಅಂಚಿಗೆ ಲಂಬವಾಗಿ ಅಡ್ಡ ಅಳತೆ ತೆಗೆಯಬೇಕು. ಇದಕ್ಕೇ ಆಫ್‌ಸೆಟ್ ಅನ್ನುವುದು.

ಪೆರ್ಲದ ಹತ್ತಿರ ನಮ್ಮ ಮಾವನ ಗದ್ದೆಯೂ ಹೆಚ್ಚುಕಮ್ಮಿ ನಿಮ್ಮದರ ಹಾಗೇ ಇದೆ. ಎರಡು ವರ್ಷದ ಹಿಂದೆ ಕೊಯ್ಲು ಮುಗಿದ ಮೇಲೆ ನಾನು, ಭಾವ ಇಬ್ಬರೇ ಅಳೆದೆವು. ಅದೇ ಲೆಕ್ಕ ಇಲ್ಲಿ ಕೊಡುತ್ತೇನೆ.

ಮೊದಲು ನಾಲ್ಕು ಗೂಟ ಹೊಡೆದೆವು. ತೋಡಿನ ಕಡೆ ಎ ಮತ್ತು ಬಿ, ಎರಡೂ ನೀರಿನ ಅಂಚಿನಿಂದ ಸ್ವಲ್ಪ ಒಳಗೆ. ಆಚೆ ಕಡೆಯ ಪುಣಿ ಮೂಲೆಗಳಲ್ಲಿ ಸಿ ಮತ್ತು ಡಿ. ಬಿಯ ಎದುರಿಗೆ ಸಿ, ಎಯ ಎದುರಿಗೆ ಡಿ. ಅಡಿಕೆ ಮರ ಸೀಳಿದ ಕೋಲುಗಳ ತುದಿಗೆ ಕೆಂಪು ಬಟ್ಟೆ ಕಟ್ಟಿ ಗೂಟದ ಬಳಿ ನಿಲ್ಲಿಸಿದ್ದೆವು, ದೂರದಿಂದ ಕಾಣಬೇಕಲ್ಲ. ಆಮೇಲೆ ಅಳೆದದ್ದು ಆರು ಗೆರೆ. ಎಬಿ 48.00, ಬಿಸಿ 30.15, ಸಿಡಿ 42.19, ಡಿಎ 26.17 ಮೀಟರ್. ಓರೆ ಗೆರೆ ಎಸಿ ಸುಮಾರು 54, ಅದರ ಸರಿಯಾದ ಲೆಕ್ಕ ಮುಂದೆ ಬರುತ್ತದೆ. ಇನ್ನೊಂದು ಓರೆ ಬಿಡಿ 51.97.

ನಕ್ಷೆಗೆ ಐದೇ ಸಾಕು. ಆರನೆಯ ಬಿಡಿ ಬರೀ ತಾಳೆ ನೋಡಲಿಕ್ಕೆ. ಇದನ್ನು ಬಿಡಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಟೇಪ್ 30 ಮೀಟರಿನದ್ದು, ಹಾಗಾಗಿ ಉದ್ದ ಗೆರೆಗಳನ್ನು ಎರಡು ಸಲಕ್ಕೆ ಅಳೆಯಬೇಕಾಗುತ್ತದೆ. ನಡುವಿನ ಗೂಟ ನೇರದಲ್ಲಿದೆಯಾ ಅಂತ ಒಂದು ತುದಿಯಲ್ಲಿ ಕೂತು ಕಣ್ಣಿನಲ್ಲಿ ನೋಡಿ ಸರಿಮಾಡಿ. ಇಲ್ಲೊಂದು ವಿಷಯ ಇದೆ. 54 ಮೀಟರಿನ ಗೆರೆಯಲ್ಲಿ ನಡುವಿನ ಗೂಟ ಅರ್ಧ ಮೀಟರ್ ಪಕ್ಕಕ್ಕೆ ಹೋದರೂ ಉದ್ದದಲ್ಲಿ ಬರುವ ತಪ್ಪು ಒಂದೇ ಸೆಂಟಿಮೀಟರಿನಷ್ಟು. ಆದರೆ ಆಫ್‌ಸೆಟ್ ತೆಗೆಯುವ ಎಬಿ ಗೆರೆಯಲ್ಲಿ ಆ ಅರ್ಧ ಮೀಟರ್ ಪೂರ್ತಿಯಾಗಿ ಆಫ್‌ಸೆಟ್‌ಗೆ ಸೇರುತ್ತದೆ. ಹಾಗಾಗಿ ಬೇರೆ ಗೆರೆಗಳಲ್ಲಿ ಸ್ವಲ್ಪ ಆಚೀಚೆ ಆದರೂ ನಡೆದೀತು, ಎಬಿಯಲ್ಲಿ ಮಾತ್ರ ದಾರ ಎಳೆದು ಕಟ್ಟಿಬಿಡಿ. ಗದ್ದೆ ಒಂದೇ ಮಟ್ಟದಲ್ಲಿದ್ದರೆ ಇಳಿಜಾರಿನ ಚಿಂತೆ ಬೇಡ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಇಳಿಯುವ ಜಾಗ ಸಿಕ್ಕಿದರೆ ಟೇಪನ್ನು ನೆಲದ ಮೇಲೆ ಹಾಸಬೇಡಿ. ಅಡ್ಡಕ್ಕೆ ಮಟ್ಟವಾಗಿ ಹಿಡಿದು, ತುದಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟು ಜಾಗ ಗುರುತಿಸಿ.

ಈಗ ತೋಡಿನ ಬದಿ. ಎಯಿಂದ ಬಿಗೆ ಟೇಪ್ ಹಾಸಿ, ತೋಡು ತಿರುಗುವ ಕಡೆಯೆಲ್ಲ ಒಂದೊಂದು ಆಫ್‌ಸೆಟ್. ಐದು ಮೀಟರಿಗೊಂದು, ಹತ್ತು ಮೀಟರಿಗೊಂದು ಅಂತ ಲೆಕ್ಕ ಹಾಕಿ ತೆಗೆದರೆ ತಿರುವೇ ತಪ್ಪಿಹೋಗುತ್ತದೆ. ಎರಡು ಆಫ್‌ಸೆಟ್ ನಡುವೆ ಅಂಚು ನೇರ ಇದೆ ಅಂತಲೇ ನಾವು ನಕ್ಷೆಯಲ್ಲಿ ಎಳೆಯುವುದು, ಹಾಗಾಗಿ ನೇರ ಮುರಿಯುವಲ್ಲೆಲ್ಲ ಅಳತೆ ಬೇಕು. ನಮಗೆ ಸಿಕ್ಕಿದ್ದು ಹೀಗೆ: 0 ಮೀಟರಿನಲ್ಲಿ 1.2, 7ರಲ್ಲಿ 2.6, 15ರಲ್ಲಿ 4.1, 22ರಲ್ಲಿ 3.3, 31ರಲ್ಲಿ 1.4, 40ರಲ್ಲಿ 2.2, 48ರಲ್ಲಿ 0.9.

ಲಂಬ ಹೇಗೆ ಸಿಗುತ್ತದೆ? ಎಲ್ಲರೂ ಹೇಳುವುದು, ಟೇಪಿನ ಸೊನ್ನೆಯನ್ನು ತೋಡಿನ ಅಂಚಿನಲ್ಲಿ ಹಿಡಿದು ಇನ್ನೊಂದು ತುದಿಯನ್ನು ದಾರದ ಮೇಲೆ ಆಚೀಚೆ ಆಡಿಸು, ಎಲ್ಲಿ ಅತಿ ಕಡಿಮೆ ಓದುತ್ತದೋ ಅದೇ ಲಂಬ ಅಂತ. ಉದ್ದ ಸರಿಯೇ ಸಿಗುತ್ತದೆ. ಆದರೆ ದಾರದ ಮೇಲೆ ಅದು ಎಷ್ಟನೇ ಮೀಟರಿನಲ್ಲಿ ಅನ್ನುವುದು ಅಷ್ಟು ಸರಿಯಾಗಿ ಸಿಗುವುದಿಲ್ಲ. 4.1 ಮೀಟರಿನ ಆಫ್‌ಸೆಟ್‌ನಲ್ಲಿ ಟೇಪನ್ನು ದಾರದ ಮೇಲೆ 28 ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದರೂ ಓದು ಬದಲಾಗುವುದು ಬರೀ ಒಂದು ಸೆಂಟಿಮೀಟರ್. ಗಾಳಿಗೆ ಟೇಪ್ ಬಳುಕಿದರೆ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ ಅಲ್ವಾ?

ಹಾಗಾಗಿ ಎರಡು ಮೀಟರಿಗಿಂತ ಉದ್ದದ ಆಫ್‌ಸೆಟ್‌ಗೆ ನಾನು ಬೇರೆ ರೀತಿ ಮಾಡುತ್ತೇನೆ. ಭಾವ ಸೊನ್ನೆಯನ್ನು ತೋಡಿನ ತಿರುವಿನಲ್ಲಿ ಒತ್ತಿ ಹಿಡಿದರು. ನಾನು ಟೇಪಿನ 4.5 ಮೀಟರ್ ಗುರುತನ್ನು ಬೆರಳಲ್ಲಿ ಹಿಡಿದು ಬಿಗಿಯಾಗಿ ಎಳೆದುಕೊಂಡು ದಾರಕ್ಕೆ ಮುಟ್ಟಿಸಿದೆ. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ಎಡಕ್ಕೆ 13.15ರಲ್ಲಿ ತಾಗಿತು, ಬಲಕ್ಕೆ 16.85ರಲ್ಲಿ. ಎರಡರ ನಡು 15.00. ಅದೇ ಲಂಬದ ಬುಡ. ಅಲ್ಲಿಂದ ತಿರುವಿಗೆ ಅಳೆದರೆ 4.1. ಅರ್ಧ ನಿಮಿಷದ ಕೆಲಸ. ಗಿಡ್ಡ ಆಫ್‌ಸೆಟ್‌ಗಳಿಗೆ ಇಷ್ಟೆಲ್ಲ ಬೇಡ, ಸುಮ್ನೆ ಆಡಿಸಿ ನೋಡಿದರೆ ಸಾಕು.

ಎಷ್ಟು ಸೂಕ್ಷ್ಮವಾಗಿ ಅಳೆಯಬೇಕು ಅನ್ನುವುದನ್ನು ಕಾಗದವೇ ಹೇಳುತ್ತದೆ. ನಾವು ಹಿಡಿದ ಸ್ಕೇಲ್ 1:200, ಅಂದರೆ ಕಾಗದದ ಒಂದು ಸೆಂಟಿಮೀಟರಿಗೆ ನೆಲದ ಎರಡು ಮೀಟರ್. ಚೂಪಾದ ಪೆನ್ಸಿಲಿನ ಗೆರೆ ಕಾಲು ಮಿಲಿಮೀಟರ್ ದಪ್ಪ ಅಂತ ಇಟ್ಟುಕೊಂಡರೆ ಅದು ನೆಲದ ಮೇಲೆ 5 ಸೆಂಟಿಮೀಟರ್. ಹಾಗಾಗಿ ತೋಡಿನ ಅಂಚನ್ನು 10 ಸೆಂಟಿಮೀಟರಿಗೆ ಓದಿದರೆ ಸಾಕು. ಹುಲ್ಲು ಬೆಳೆದ ಅಂಚು ಅದಕ್ಕಿಂತ ಸ್ಪಷ್ಟವಾಗಿ ಕಾಣುವುದೂ ಇಲ್ಲ. ಮುಖ್ಯ ಗೆರೆಗಳನ್ನು ಮಾತ್ರ ಸೆಂಟಿಮೀಟರಿನವರೆಗೆ ಓದಿ.

ಪುಸ್ತಕದಲ್ಲಿ ಬರೆಯುವಾಗ ಪುಟದ ನಡುವೆ ಉದ್ದಕ್ಕೆ ಎರಡು ಗೆರೆ ಎಳೆಯಿರಿ. ಕೆಳಗಿನಿಂದ ಮೇಲಕ್ಕೆ ಬರೆಯಬೇಕು. ನೀವು ಎಯಿಂದ ಬಿಯ ಕಡೆ ಮುಖ ಮಾಡಿ ನಡೆಯುತ್ತಿದ್ದೀರಿ, ಪುಸ್ತಕವೂ ಹಾಗೇ ಇರಲಿ. ಗೆರೆಗಳ ನಡುವೆ 0, 7, 15 ಅಂತ ದೂರ. ತೋಡು ಬಲಕ್ಕಿದ್ದರೆ ಆಫ್‌ಸೆಟ್ ಬಲಕ್ಕೆ. ಮೇಲಿನಿಂದ ಕೆಳಕ್ಕೆ ಬರೆದವರು ಮನೆಗೆ ಬಂದು ಎಡಬಲ ಅದಲುಬದಲು ಮಾಡುವುದನ್ನು ನೋಡಿದ್ದೇನೆ.

ಮನೆಯಲ್ಲಿ ಎ4 ಹಾಳೆಯನ್ನು ಅಡ್ಡ ಇಟ್ಟು ಎಬಿಯನ್ನು 24 ಸೆಂಟಿಮೀಟರ್ ಎಳೆದೆ, ತೋಡಿಗೆ ಕೆಳಗೆ ಸ್ವಲ್ಪ ಜಾಗ ಬಿಟ್ಟು. ಇನ್ನು ಎಯಿಂದ ಎಸಿಯಷ್ಟು ದೂರಕ್ಕೆ ಒಂದು ಕಮಾನು, ಬಿಯಿಂದ 15.08ಕ್ಕೆ ಇನ್ನೊಂದು. ಎರಡೂ ಕೂಡಿದಲ್ಲಿ ಸಿ. ಮಕ್ಕಳ ಕಂಪಾಸ್ ಅಷ್ಟು ಅಗಲ ತೆರೆಯುವುದಿಲ್ಲ. ಗಟ್ಟಿ ರಟ್ಟಿನ ಪಟ್ಟಿಯಲ್ಲಿ ಅಳತೆಗೆ ಸರಿಯಾಗಿ ಎರಡು ತೂತು ಮಾಡಿ, ಒಂದಕ್ಕೆ ಗುಂಡುಪಿನ್, ಇನ್ನೊಂದಕ್ಕೆ ಪೆನ್ಸಿಲ್ ಹಾಕಿ ತಿರುಗಿಸಿದೆ. ದಾರ ಕಟ್ಟಿ ತಿರುಗಿಸಬೇಡಿ, ಅದು ಹಿಗ್ಗುತ್ತದೆ. ಅದೇ ರೀತಿ ಎಯಿಂದ 13.09, ಸಿಯಿಂದ 21.10 ಹಿಡಿದು ಡಿ.

ಆಮೇಲೆ ಬಿಡಿಗೆ ಸ್ಕೇಲ್ ಇಟ್ಟೆ. 25.98 ಬರಬೇಕು, ಬಂದದ್ದು 25.6. ನಾಲ್ಕು ಮಿಲಿಮೀಟರ್ ಕಡಿಮೆ. ನೆಲದ ಮೇಲೆ ಮುಕ್ಕಾಲು ಮೀಟರ್! ಪೆನ್ಸಿಲಿನ ತಪ್ಪು ಅಷ್ಟು ಬರುವುದಿಲ್ಲ.

ತಾಳೆ ಗೆರೆ ಒಂದೇ ಇದ್ದರೆ ಎಲ್ಲೋ ತಪ್ಪಿದೆ ಅಂತ ಗೊತ್ತಾಗುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ. ಒಂದು ಟೇಪ್ ಲೆಕ್ಕ ಬಿಟ್ಟುಹೋಗಿದ್ದರೆ ವ್ಯತ್ಯಾಸ ಹತ್ತಾರು ಮೀಟರ್ ಇರುತ್ತಿತ್ತು, ಹಾಗಾಗಿ ಅದಲ್ಲ. ಪುಸ್ತಕ ನೋಡಿದೆ, ಎಸಿ 54.80 ಅಂತ ಇತ್ತು. ಭಾವನನ್ನು ಕೇಳಿದೆ. "ನಾನು ಐವತ್ನಾಲ್ಕು ಎಂಟು ಅಂತಲೇ ಹೇಳಿದ್ದು ಮಾರಾಯ" ಅಂದರು. ಅವರು ಹೇಳಿದ್ದು 54 ಮೀಟರ್ 8 ಸೆಂಟಿಮೀಟರ್. ನಾನು ಬರೆದದ್ದು 54.8! ಮರುದಿನ ಹೋಗಿ ಆ ಒಂದು ಗೆರೆಯನ್ನು ಮತ್ತೆ ಅಳೆದೆವು, 54.08. ರಟ್ಟಿನ ಪಟ್ಟಿಯಲ್ಲಿ 27.40ರ ಬದಲು 27.04ಕ್ಕೆ ಹೊಸ ತೂತು ಮಾಡಿ ಎಳೆದಾಗ ಬಿಡಿ ಸರಿಯಾಗಿ 26ಕ್ಕೆ ಕೂತಿತು. ಈಗ ನಮ್ಮಲ್ಲಿ "ಐವತ್ನಾಲ್ಕು, ಸೊನ್ನೆ ಎಂಟು" ಅಂತಲೇ ಕೂಗುವುದು, ಬರೆಯುವವರು ಅದನ್ನು ತಿರುಗಿ ಹೇಳುವುದು.

ಬಿಡಿ ತಾಳೆ ಬಂದರೂ ಆಫ್‌ಸೆಟ್‌ಗಳು ಸರಿ ಅಂತ ಅರ್ಥ ಅಲ್ಲ, ಅವು ಈ ತ್ರಿಕೋನಗಳ ಹೊರಗಿವೆ. ಅದಕ್ಕೆ ತೋಡಿನ ಅಂಚಿನಲ್ಲೇ ಎರಡು ತಿರುವುಗಳ ನಡುವೆ ನೇರವಾಗಿ ಟೇಪ್ ಹಿಡಿಯಿರಿ. ನಾವು 15ನೇ ಮೀಟರಿನ ತಿರುವಿನಿಂದ 31ರದ್ದಕ್ಕೆ ಹಿಡಿದೆವು, 16.2 ಬಂತು. ನಕ್ಷೆಯಲ್ಲಿ 8.1 ಸೆಂಟಿಮೀಟರ್ ಇತ್ತು. ಸಮಾಧಾನ ಆಯಿತು.

ಇನ್ನು ಸೆಂಟ್ಸ್ ಲೆಕ್ಕ. ಕಾಗದದ ಮೇಲೆ ಎಸಿ ಗೆರೆಗೆ ಬಿಯಿಂದ ಮತ್ತು ಡಿಯಿಂದ ಲಂಬ ಎಳೆದು ಅಳೆದೆ. 13.3 ಮತ್ತು 10.0 ಸೆಂಟಿಮೀಟರ್, ಅಂದರೆ 26.6 ಮತ್ತು 20.0 ಮೀಟರ್. ಎರಡನ್ನೂ ಕೂಡಿಸಿ 54.08ರ ಅರ್ಧದಿಂದ ಗುಣಿಸಿದರೆ 1260 ಚದರ ಮೀಟರ್. ತೋಡಿನ ಬದಿಯ ಪಟ್ಟಿಗೆ ಪ್ರತಿ ಎರಡು ಆಫ್‌ಸೆಟ್‌ಗಳ ಸರಾಸರಿಯನ್ನು ಅವುಗಳ ನಡುವಿನ ದೂರದಿಂದ ಗುಣಿಸಬೇಕು. ಮೊದಲ ತುಂಡು 1.2 ಮತ್ತು 2.6ರ ಸರಾಸರಿ 1.9, ಅದನ್ನು 7ರಿಂದ ಗುಣಿಸಿದರೆ 13.3. ಹೀಗೆ ಆರು ತುಂಡು ಕೂಡಿದಾಗ ಸುಮಾರು 116. ಒಟ್ಟು 1376. ಒಂದು ಸೆಂಟ್ 40.47 ಚದರ ಮೀಟರ್, ಹಾಗಾಗಿ 34 ಸೆಂಟ್ಸ್. ನೋಡಿ, ಆ ಡೊಂಕು ಪಟ್ಟಿ ಒಂದರಲ್ಲೇ ಸುಮಾರು ಮೂರು ಸೆಂಟ್ಸ್ ಇದೆ.

ಸರ್ವೆ ಇಲಾಖೆಯ ಹಳೆಯ ಎಫ್‌ಎಂಬಿ ನಕ್ಷೆಯ ಜೊತೆ ಹೋಲಿಸುವುದಿದ್ದರೆ ಒಂದು ಎಚ್ಚರ. ಅಳತೆ ಲಿಂಕಿನಲ್ಲಿದ್ದರೆ ಅದು 66 ಅಡಿ ಸರಪಳಿಯ ನೂರನೇ ಒಂದು ಭಾಗ, ಅಂದರೆ 20.12 ಸೆಂಟಿಮೀಟರ್. ಮೀಟರ್ ಸರಪಳಿಯ ಕೊಂಡಿ ಸರಿಯಾಗಿ 20. ಎರಡನ್ನೂ ಒಂದೇ ಅಂತ ತಿಳಿದರೆ 54 ಮೀಟರಿನಲ್ಲಿ ಮೂವತ್ತು ಸೆಂಟಿಮೀಟರ್ ಆಚೀಚೆ ಆಗುತ್ತದೆ. ಮತ್ತೆ, ನೆರೆಯವರ ಜೊತೆ ಗಡಿ ತಕರಾರು ಇದ್ದರೆ ಈ ನಕ್ಷೆ ನಡೆಯುವುದಿಲ್ಲ, ತಾಲೂಕು ಸರ್ವೇಯರಿಗೇ ಅರ್ಜಿ ಕೊಡಬೇಕು.

ಹಾಳೆಯ ಮೂಲೆಯಲ್ಲಿ ಉತ್ತರ ದಿಕ್ಕು, ಸ್ಕೇಲ್, ಅಳೆದ ತಾರೀಕು ಬರೆಯಿರಿ. ಆಫ್‌ಸೆಟ್ ತೆಗೆದದ್ದು ನೀರಿನ ಅಂಚಿಗೋ, ದಂಡೆಯ ಮೇಲಿನ ಅಂಚಿಗೋ ಅನ್ನುವುದನ್ನೂ ಬರೆಯಿರಿ. ನಾವು ತೆಗೆದದ್ದು ದಂಡೆಯ ಮೇಲಿನ ಅಂಚಿಗೆ. ಮುಂದಿನ ಮಳೆಗಾಲದಲ್ಲಿ 15ನೇ ಮೀಟರಿನ ತಿರುವು ಕೊರೆದು, ಅಲ್ಲಿ 4.1 ಇದ್ದದ್ದು ಈಗ 3.6 ಆಗಿದೆ.