ಆ ಆರು ಮಾರ್ಕು ಎಲ್ಲಿ ಹೋಯ್ತು ಅಂತ ಕೇಳಬೇಡಿ

ಪ್ರಶ್ನೆ: ನನ್ನ ಅಕ್ಕನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 621 ತೆಗೆದು ಶಾಲೆಗೇ ಮೊದಲು ಬಂದಿದ್ದಾಳೆ. ತುಂಬಾ ಖುಷಿಯಾಗಿದೆ. ಆದರೆ ಅವಳ ಮೇಲೆ ಇನ್ನಷ್ಟು ಭಾರ ಹಾಕಬಾರದು. ಮಾವನಾಗಿ ಏನಂತ ಹೇಳಲಿ?

ನಾನೂ ಸೋದರಮಾವನೇ. ಈ ವಿಷಯದಲ್ಲಿ ಒಂದು ಸಲ ಚೆನ್ನಾಗಿ ಎಡವಿದ್ದೇನೆ, ಅದನ್ನೇ ಮೊದಲು ಹೇಳಿಬಿಡ್ತೀನಿ.

ಅಕ್ಕನ ಮಗ ಹತ್ತನೇ ಕ್ಲಾಸಿನಲ್ಲಿ 619 ತೆಗೆದಿದ್ದ. ನಾನು ಫೋನ್ ಮಾಡಿ, ತಮಾಷೆಗೆ, "ಆ ಆರು ಮಾರ್ಕು ಎಲ್ಲಿ ಹೋಯ್ತೋ?" ಅಂದೆ. ಅವನೂ ನಕ್ಕ. ಫೋನ್ ಇಡುವಾಗ "ಪಿಯುಸಿಯಲ್ಲೂ ಹೀಗೇ ಬರಬೇಕು ಕಣೋ" ಅಂತ ಸೇರಿಸಿದೆ. ಆಮೇಲೆ ಗೊತ್ತಾಯ್ತು, ಮಾರನೇ ದಿನವೇ ಅವನು ಗಣಿತದ ಉತ್ತರ ಪತ್ರಿಕೆಯ ಸ್ಕ್ಯಾನ್ ಕಾಪಿಗೆ ದುಡ್ಡು ಕಟ್ಟು ಅಂತ ಅಮ್ಮನ ಹಿಂದೆ ಬಿದ್ದಿದ್ದನಂತೆ. ಗಣಿತದಲ್ಲಿ ಅವನಿಗೆ 97 ಬಂದಿತ್ತು. ಮೂರು ಮಾರ್ಕಿಗಾಗಿ ಆ ಹುಡುಗ ರಜೆಯ ಮೊದಲ ವಾರ ಹಾಳು ಮಾಡಿಕೊಂಡ.

ಎರಡನೇ ಮಾತು ಇನ್ನೂ ಕೆಟ್ಟದ್ದು. ಅವನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಿಯುಸಿ ಸೈನ್ಸ್ ಸೇರಿದಾಗ ಪಾಠ ಪೂರ್ತಿ ಇಂಗ್ಲಿಷ್, ಪುಸ್ತಕವೂ ದಪ್ಪ. ಮೊದಲ ಟೆಸ್ಟುಗಳಲ್ಲಿ ಮಾರ್ಕು ಕುಸಿಯೋದು ಇಂಥ ಮಕ್ಕಳಿಗೆ ತೀರಾ ಸಾಮಾನ್ಯ, ಟಾಪರ್‌ಗಳಿಗೂ ಅಷ್ಟೇ. ಅವನಿಗೂ ಹಾಗೇ ಆಯ್ತು. ಮಾರ್ಕ್ಸ್ ಕಾರ್ಡನ್ನು ಮನೆಯಲ್ಲಿ ತೋರಿಸದೆ ಬ್ಯಾಗಿನ ತಳಕ್ಕೆ ತುರುಕಿಟ್ಟಿದ್ದ. ಎಷ್ಟೋ ದಿನದ ಮೇಲೆ ಒಂದು ಮದುವೆ ಮನೆಯಲ್ಲಿ ನನ್ನ ಪಕ್ಕ ಊಟಕ್ಕೆ ಕೂತವನು, "ಮಾಮ, ನೀವು ಹೀಗೇ ಬರಬೇಕು ಅಂದಿದ್ರಲ್ಲ, ಅದಕ್ಕೇ ಹೇಳೋಕಾಗ್ಲಿಲ್ಲ" ಅಂದ. ತುತ್ತು ಗಂಟಲಲ್ಲೇ ನಿಂತಿತು.

ಹೀಗೆ ಮುಚ್ಚಿಡುವುದು ಅವನೊಬ್ಬನ ಕತೆಯಲ್ಲ. ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಅಮೆರಿಕದ ಐದನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿದ ಪ್ರಯೋಗ 1998ರಲ್ಲಿ ಪ್ರಕಟವಾಯಿತು. ಚಿತ್ರದ ಒಗಟು ಬಿಡಿಸಿದ ಮೇಲೆ ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಶ್ರಮ ಹಾಕಿದೀಯ" ಅಂದರು. ಆಮೇಲೆ ತುಂಬಾ ಕಷ್ಟದ ಒಗಟು ಕೊಟ್ಟು, ಎಲ್ಲರಿಗೂ ಈ ಸಲ ಚೆನ್ನಾಗಿ ಮಾಡಿಲ್ಲ ಅಂದರು. ಬೇರೆ ಮಕ್ಕಳಿಗೆ ತಮ್ಮ ಅಂಕ ಬರೆದು ತಿಳಿಸಿ ಅಂದಾಗ, ಬುದ್ಧಿವಂತ ಅನ್ನಿಸಿಕೊಂಡವರಲ್ಲೇ ಹೆಚ್ಚು ಜನ ಅಂಕ ಏರಿಸಿ ಬರೆದರು. ಹೊಗಳಿಕೆ ಉಳಿಸಿಕೊಳ್ಳೋಕೆ ಸುಳ್ಳು, ಅಷ್ಟೇ.

ಅವನ ತಂಗಿಯ ಸರದಿ ಬಂದಾಗ ಹುಷಾರಾದೆ. ಅಕ್ಕನಿಗಲ್ಲ, ನೇರ ಅವಳಿಗೇ ಮೆಸೇಜ್ ಹಾಕಿದೆ. ಅದೂ ಸಂಜೆಗೆ, ಯಾಕಂದ್ರೆ ಫಲಿತಾಂಶದ ದಿನ ಮಧ್ಯಾಹ್ನವೆಲ್ಲ ಫೋನ್ ಬಡಿದುಕೊಳ್ತಾನೇ ಇರುತ್ತೆ, ಎಲ್ಲರದೂ ಒಂದೇ ಪ್ರಶ್ನೆ: "ಮುಂದೇನು, ಸೈನ್ಸಾ ಕಾಮರ್ಸಾ?" ನಾನು ಬರೆದದ್ದು ಇಷ್ಟೇ:

"ಪುಟ್ಟಿ, ಫಲಿತಾಂಶ ಕೇಳಿ ತುಂಬಾ ಖುಷಿ ಆಯ್ತು. ಡಿಸೆಂಬರ್‌ನಲ್ಲಿ ಬಂದಾಗ ಹಳೇ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂತಿದ್ದೆ ನೀನು, ಅದು ಕಣ್ಣಿಗೆ ಕಟ್ಟಿದ ಹಾಗಿದೆ. ಈಗ ಚೆನ್ನಾಗಿ ನಿದ್ದೆ ಮಾಡು. ಭಾನುವಾರ ಮಸಾಲೆ ದೋಸೆಗೆ ಕರ್ಕೊಂಡು ಹೋಗ್ತೀನಿ."

ನಾನು ಕಣ್ಣಾರೆ ಕಂಡ ಒಂದು ಸಂಗತಿ, ಒಂದು ದೋಸೆ. ಮಾರ್ಕಿನ ಸಂಖ್ಯೆಯೂ ಇಲ್ಲ, "ಮನೆತನದ ಮರ್ಯಾದೆ" ಅನ್ನೋದೂ ಇಲ್ಲ. ನೀವೂ ಏನಾದರೂ ಕಂಡದ್ದಿದ್ದರೆ ಅದನ್ನೇ ಬರೆಯಿರಿ. ಇಲ್ಲದಿದ್ದರೆ ಕಟ್ಟಿ ಹೇಳಬೇಡಿ, ಮಕ್ಕಳಿಗೆ ಗೊತ್ತಾಗುತ್ತೆ. ಫೋಟೋ ಸ್ಟೇಟಸ್‌ಗೆ ಹಾಕೋ ಮುಂಚೆ ಅವಳನ್ನೇ ಕೇಳಿ. ನಿಮ್ಮ ಮಕ್ಕಳ ಮುಂದೆ "ಅಕ್ಕನ್ನ ನೋಡಿ ಕಲೀರಿ" ಅನ್ನಬೇಡಿ, ಅದು ಎರಡೂ ಕಡೆ ಚುಚ್ಚುತ್ತೆ.

ದೋಸೆ ತಿನ್ನುವಾಗ ಮಾರ್ಕಿನ ಬಗ್ಗೆ ಒಂದೇ ಪ್ರಶ್ನೆ ಕೇಳಿದೆ: "ಯಾವ ಪೇಪರ್ ಬರೆದು ಹೊರಗೆ ಬಂದಾಗ ಹೆದರಿಕೆ ಆಗಿತ್ತು?" ಸಮಾಜ ವಿಜ್ಞಾನ ಅಂದಳು, ಭೂಪಟದಲ್ಲಿ ತಪ್ಪು ಗುರುತಿಸಿದ್ದೆ ಅಂತ. ಅರ್ಧ ಗಂಟೆ ಅವಳೇ ಮಾತಾಡಿದಳು. ಉಡುಗೊರೆಗೆ ಷಟಲ್ ಬ್ಯಾಟ್ ಕೊಡಿಸಿದೆ. ಅವಳ ಅಣ್ಣನಿಗೆ ನಾನು ಕೊಟ್ಟಿದ್ದು ಪಿಯುಸಿ ಫಿಸಿಕ್ಸ್ ಗೈಡು. ಉಡುಗೊರೆಯೋ ಶಿಕ್ಷೆಯೋ ನೀವೇ ಹೇಳಿ.

"ಮುಂದೆ ಕಮ್ಮಿ ಬಂದರೂ ಪರವಾಗಿಲ್ಲ" ಅನ್ನೋದನ್ನ ಫಲಿತಾಂಶದ ದಿನ ಹೇಳಬೇಡಿ. ಅವತ್ತು ಅದು ಅಪಶಕುನದ ಹಾಗೆ ಕೇಳಿಸುತ್ತೆ. ನಾನು ಕಾಲೇಜಿನ ಮೊದಲ ಟೆಸ್ಟಿನ ಹೊತ್ತಿಗೆ, ಸುಮ್ನೆ ಷಟಲ್ ವಿಷಯ ವಿಚಾರಿಸೋ ನೆಪದಲ್ಲಿ ಫೋನ್ ಮಾಡಿ, ಅವಳ ಅಣ್ಣನ ಮೊದಲ ಟೆಸ್ಟಿನ ಕತೆ ಹೇಳಿದೆ, ಅವನನ್ನು ಕೇಳಿಕೊಂಡೇ. ಹತ್ತು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. "ಮಾಮ, ಫಿಸಿಕ್ಸಲ್ಲಿ ಅಣ್ಣನಿಗಿಂತ ಎರಡು ಮಾರ್ಕು ಕಮ್ಮಿ ಬಂದಿದೆ, ಅಮ್ಮನಿಗೆ ನಾನೇ ಹೇಳ್ತೀನಿ, ನೀವು ಬಾಯಿ ಬಿಡಬೇಡಿ" ಅಂದಳು.